ಕಿವಿಗೆ ತಲುಪಬೇಕಾದ ನಕ್ಷೆ

ಚಿತ್ರ ಕಾಣದವರಿಗಾಗಿ `alt` ಎಂಬ ಗುಣದಲ್ಲಿ ಬದಲಿ ಪಠ್ಯ ಬರೆಯುವ ಅವಕಾಶ 1995ರ HTML 2.0ರಲ್ಲೇ ಇತ್ತು. ಆಗ ಬರೀ ಅಕ್ಷರ ಮೂಡಿಸುವ Lynxನಂಥ ಬ್ರೌಸರ್‌ಗಳೂ ಬಳಕೆಯಲ್ಲಿದ್ದವು. 1997ರ HTML 4.0 ಅದನ್ನು ಕಡ್ಡಾಯ ಮಾಡಿತು. 1999ರಲ್ಲಿ ಬಂದ WCAG ಮಾರ್ಗಸೂಚಿಯ ಮೊದಲ ಅಂಶವೂ ಅದೇ. ಲೋಗೊಗೋ ಬಟನ್‌ಗೋ ಒಂದೆರಡು ಪದ ಸಾಕು. ಮಾಹಿತಿ ಕಿಕ್ಕಿರಿದ ಇನ್ಫೋಗ್ರಾಫಿಕ್ ಎದುರಾದಾಗ ಕಷ್ಟ ಶುರುವಾಗುತ್ತದೆ.

ಫ್ರಾನ್ಸಿನ ಎಂಜಿನಿಯರ್ ಷಾರ್ಲ್ ಜೋಸೆಫ್ ಮಿನಾರ್ 1869ರಲ್ಲಿ ಬಿಡಿಸಿದ ನಕ್ಷೆಯನ್ನೇ ನೋಡಿ. 1812ರಲ್ಲಿ ನೆಪೋಲಿಯನ್ ರಷ್ಯಾದ ಮೇಲೆ ದಂಡೆತ್ತಿ ಹೋದ ಕಥೆ ಅದು. ಹೋಗುವ ದಾರಿ ಕಂದು ಪಟ್ಟಿ, ಮರಳುವ ದಾರಿ ಕಪ್ಪು ಪಟ್ಟಿ. ಒಂದು ಮಿಲಿಮೀಟರ್ ಅಗಲ ಅಂದರೆ ಹತ್ತು ಸಾವಿರ ಸೈನಿಕರು. ಕೆಳಗೆ ಚಳಿಯ ರೇಖೆ.

"ನೆಪೋಲಿಯನ್ ದಂಡಯಾತ್ರೆಯ ನಕ್ಷೆ" ಎಂದಷ್ಟೇ ಬರೆದರೆ ಅದು ಶೀರ್ಷಿಕೆಯಾಯಿತು, ಓದುಗರಿಗೆ ಏನೂ ದಕ್ಕಲಿಲ್ಲ. ಪ್ರತಿ ಊರು, ಪ್ರತಿ ಸಂಖ್ಯೆ ತುಂಬಿಸಿದರೆ ಸ್ಕ್ರೀನ್ ರೀಡರ್ ಅದನ್ನೆಲ್ಲ ಒಂದೇ ಓಟದಲ್ಲಿ ಓದಿಬಿಡುತ್ತದೆ. `alt` ಒಳಗೆ ತಲೆಬರಹವಿಲ್ಲ, ಕೋಷ್ಟಕವಿಲ್ಲ. ಬೇಕಾದ ಅಂಕಿಗೆ ನೇರವಾಗಿ ಹೋಗಲು ದಾರಿಯಿಲ್ಲ.

ಹಾಗಾಗಿ ನಕ್ಷೆ ಏನನ್ನು ಸಾಧಿಸಿ ತೋರಿಸುತ್ತದೆ ಎಂದು ಮೊದಲು ನಿರ್ಧರಿಸಬೇಕು. ಅವಸರದಲ್ಲಿ ನೋಡಿದವರು "ಚಳಿಗೆ ಸೇನೆ ನಾಶವಾಯಿತು" ಎಂದು ಬರೆದುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಗಡಿ ದಾಟಿದವರು 4,22,000, ಮಾಸ್ಕೊ ತಲುಪಿದವರು 1,00,000. ನಡುವೆ ಬೇರೆಡೆಗೆ ಕವಲೊಡೆದ ಎರಡು ತುಕಡಿಗಳಲ್ಲಿ 82,000 ಮಂದಿ ಇದ್ದರು. ಅವರನ್ನು ಬಿಟ್ಟರೂ 2,40,000 ಮಂದಿ ಮಾಸ್ಕೊಗೆ ಮೊದಲೇ ಇಲ್ಲವಾಗಿದ್ದಾರೆ. ಚಳಿಯ ರೇಖೆ ಇರುವುದು ಮರಳುವ ದಾರಿಗೆ ಮಾತ್ರ! ಈ ಮುಖ್ಯ ಸಂಗತಿಯೇ ತಪ್ಪಿಹೋದರೆ ಉಳಿದ ಸಾಲುಗಳು ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ. ನಾನಾದರೆ ಹೀಗೆ ಬರೆಯುತ್ತೇನೆ:

```html
<img src="minard.png" alt="ರಷ್ಯಾ ಗಡಿ ದಾಟಿದ 4,22,000 ಸೈನಿಕರಲ್ಲಿ ಮಾಸ್ಕೊ ತಲುಪಿದವರು 1,00,000, ಗಡಿಗೆ ಮರಳಿದವರು 10,000. ಹೆಚ್ಚಿನ ನಷ್ಟ ಆದದ್ದು ಹೋಗುವಾಗಲೇ, ಕಡುಚಳಿಗೆ ಮೊದಲು. ವಿವರ ಕೆಳಗಿನ ಕೋಷ್ಟಕದಲ್ಲಿ.">
```

ಮಿಕ್ಕ ವಿವರವನ್ನು ಚಿತ್ರದ ಕೆಳಗೆ ಎಲ್ಲರಿಗೂ ಕಾಣುವ ಕೋಷ್ಟಕವಾಗಿ ಕೊಡಬೇಕು. ದೀರ್ಘ ವಿವರಣೆಗೆಂದು HTML 4.0 ತಂದ `longdesc` ಕಣ್ಣಿಗೆ ಬೀಳದ ಕೊಂಡಿಯಾಗಿತ್ತು. ಅದು ಬೇರೂರಲಿಲ್ಲ, HTML5 ಅದನ್ನು ಕೈಬಿಟ್ಟಿತು. ಕೋಷ್ಟಕದಲ್ಲಾದರೆ ಬೆರೆಜಿನಾ ನದಿಯ ಸಾಲಿಗೆ ಹೋಗಿ, ದಾಟುವ ಮುನ್ನ 50,000, ದಾಟಿದ ಮೇಲೆ 28,000 ಎಂದು ಬೇಕಾದವರು ನಿಧಾನವಾಗಿ ಓದಿಕೊಳ್ಳಬಹುದು.

ಬರೆದದ್ದು ಸರಿಯಿದೆಯೇ ಎಂದು ತಿಳಿಯಲು ನಕ್ಷೆ ನೋಡದವರೊಬ್ಬರಿಗೆ ಅದನ್ನು ಒಮ್ಮೆ ಓದಿ ಹೇಳಿ, "ಸೇನೆ ಹೆಚ್ಚು ಕರಗಿದ್ದು ಯಾವಾಗ?" ಎಂದು ಕೇಳಿ. "ವಾಪಸ್ ಬರುವಾಗ, ಚಳಿಯಲ್ಲಿ" ಎಂಬ ಉತ್ತರ ಬಂದರೆ ಎರಡನೇ ವಾಕ್ಯವನ್ನು ಮೊದಲಿಗೆ ತಂದು ಮತ್ತೆ ಓದಿ.