ಪಿನ್ನಿನ ಖರ್ಚನ್ನು ಹೊತ್ತ ಬುಷ್

1980ರ ದಶಕದಲ್ಲಿ ಅಮೆರಿಕದ ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್‌ನ ಬಿಡಿಭಾಗ ಕಾರ್ಖಾನೆಗೆ ಒಂದು ವಿಚಿತ್ರ ಅನುಭವವಾಯಿತು. ತನ್ನದೇ ಕಂಪನಿಯ ಟ್ರ್ಯಾಕ್ಟರ್ ಘಟಕಗಳಿಗೆ ಬಿಡಿಭಾಗ ಪೂರೈಸಲು ಅದು ಹೊರಗಿನವರ ಜೊತೆ ಪೈಪೋಟಿಗಿಳಿದು ದರ ಕೊಡಬೇಕಾಗಿತ್ತು. ದೊಡ್ಡ ಸಂಖ್ಯೆಯಲ್ಲಿ ಬೇಕಾಗುವ ಸರಳ ಭಾಗಗಳ ಆರ್ಡರು ಹೊರಗಿನವರ ಪಾಲಾಯಿತು. ಆಗೊಮ್ಮೆ ಈಗೊಮ್ಮೆ ಬೇಕಾಗುವ ಸಣ್ಣ ಲಾಟುಗಳ ಆರ್ಡರು ಇದಕ್ಕೆ ಸುಲಭವಾಗಿ ಸಿಕ್ಕಿತು. ದೊಡ್ಡ ಯಂತ್ರಗಳಿರುವ ಕಾರ್ಖಾನೆ ಗೆಲ್ಲಬೇಕಾದದ್ದು ದೊಡ್ಡ ಲಾಟುಗಳಲ್ಲಿ. ಹಾಗಾದರೆ ತಪ್ಪಿದ್ದು ಲೆಕ್ಕದಲ್ಲಿ. ಹಾರ್ವರ್ಡ್‌ನ ರಾಬಿನ್ ಕೂಪರ್ ಮತ್ತು ರಾಬರ್ಟ್ ಕಪ್ಲಾನ್ ಇಂಥ ಪ್ರಕರಣಗಳ ಬಗ್ಗೆ ಬರೆದ ಮೇಲೆ ಚಟುವಟಿಕೆ ಆಧಾರಿತ ವೆಚ್ಚ ಲೆಕ್ಕ ಎಂಬ ಪದ್ಧತಿ ಜಗತ್ತಿಗೆ ಪರಿಚಯವಾಯಿತು.

ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಲೇತ್ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಎರಡೇ ವಸ್ತು: ತಿಂಗಳಿಗೆ 9,000 ಬುಷ್, 1,000 ಪಿನ್. ಎರಡಕ್ಕೂ ಕಚ್ಚಾ ಮಾಲು, ಕೂಲಿ ಸೇರಿ ಒಂದಕ್ಕೆ 50 ರೂಪಾಯಿ. ಎರಡಕ್ಕೂ ಯಂತ್ರದ ಮೇಲೆ ಆರು ನಿಮಿಷ. ಇದರಾಚೆಗೆ ಯಾವ ಒಂದು ವಸ್ತುವಿಗೂ ನೇರವಾಗಿ ಅಂಟದ ಖರ್ಚು, ಅಂದರೆ ಓವರ್‌ಹೆಡ್, ತಿಂಗಳಿಗೆ 3 ಲಕ್ಷ.

ಹಳೆಯ ಪದ್ಧತಿ ಈ 3 ಲಕ್ಷವನ್ನು ಯಂತ್ರ ಓಡಿದ ಒಟ್ಟು 1,000 ಗಂಟೆಗೆ ಹಂಚುತ್ತದೆ. ಗಂಟೆಗೆ 300 ರೂಪಾಯಿ, ಆರು ನಿಮಿಷಕ್ಕೆ 30. ಹಾಗಾಗಿ ಬುಷ್ಷಿಗೂ ಪಿನ್ನಿಗೂ ತಲಾ 80 ರೂಪಾಯಿ ವೆಚ್ಚ. ಶೇ 10 ಲಾಭ ಸೇರಿಸಿ ಮಾಲೀಕರು ಎರಡಕ್ಕೂ 88ರ ಕೊಟೇಶನ್ ಕೊಡುತ್ತಾರೆ. ಕೂಲಿಯೇ ಮುಖ್ಯ ಖರ್ಚಾಗಿ ಓವರ್‌ಹೆಡ್ ಚಿಲ್ಲರೆಯಾಗಿದ್ದ ಕಾಲದಲ್ಲಿ ಇಂಥ ಲೆಕ್ಕದಿಂದ ಆಗುತ್ತಿದ್ದ ಹಾನಿ ಅಷ್ಟಕ್ಕಷ್ಟೆ.

ಈಗ ಶಾಪ್ ಫ್ಲೋರಿಗೆ ಹೋಗಿ ನೋಡಿ. ಬುಷ್ ತಿಂಗಳಿಗೆ ಆರು ದೊಡ್ಡ ಲಾಟುಗಳಲ್ಲಿ ಓಡುತ್ತದೆ. ಪಿನ್ನಿಗೆ ಗಿರಾಕಿಗಳು ಹಲವರು, ಒಬ್ಬೊಬ್ಬರದೂ ಸಣ್ಣ ಆರ್ಡರು. ಹಾಗಾಗಿ ಅದು 24 ಲಾಟು. ಪ್ರತಿ ಲಾಟಿಗೂ ಸೆಟ್ಟರ್ ಯಂತ್ರ ನಿಲ್ಲಿಸಿ, ಟೂಲ್ ಬದಲಿಸಿ, ಮೊದಲ ಕೆಲವು ಪೀಸ್ ತೆಗೆದು, ಅಳತೆ ಸರಿಯಿದೆಯೇ ಎಂದು ಮೈಕ್ರೋಮೀಟರ್ ಹಿಡಿಯಬೇಕು. ಲಾಟಿನಲ್ಲಿ 40 ಪಿನ್ ಇರಲಿ, 1,500 ಬುಷ್ ಇರಲಿ, ಈ ಶ್ರಮ ಒಂದೇ. ಆರ್ಡರು ಬರೆದುಕೊಳ್ಳುವುದು, ತಪಾಸಣಾ ವರದಿ, ಚಲನ್, ಬಿಲ್ಲು ಇವೂ ಹಾಗೆಯೇ.

ಆದ್ದರಿಂದ ಹೊಸ ಪದ್ಧತಿ 3 ಲಕ್ಷವನ್ನು ಮೊದಲು ಕೆಲಸಗಳಾಗಿ ಒಡೆಯುತ್ತದೆ. ಯಂತ್ರ ಓಡಿಸುವ ಖರ್ಚು 1,50,000. ಇದು ಗಂಟೆಯ ಲೆಕ್ಕದಲ್ಲೇ ಹಂಚಿಕೆಯಾಗಲಿ, ಒಂದಕ್ಕೆ 15 ರೂಪಾಯಿ. ಸೆಟ್ಟಿಂಗ್ ಖರ್ಚು 90,000. ಒಟ್ಟು 30 ಸೆಟ್ಟಿಂಗ್, ಒಂದಕ್ಕೆ 3,000. ಆರ್ಡರು ನಿರ್ವಹಣೆ ಮತ್ತು ತಪಾಸಣೆ 60,000. ಬುಷ್ಷಿನ 8, ಪಿನ್ನಿನ 32 ಆರ್ಡರು ಸೇರಿ 40, ಒಂದಕ್ಕೆ 1,500.

ಕೂಡಿದಾಗ ಬುಷ್ಷಿನ ಪಾಲಿಗೆ 1,65,000 ಬರುತ್ತದೆ, ಒಂದಕ್ಕೆ ಸುಮಾರು 18 ರೂಪಾಯಿ. ಪಿನ್ನಿನ ಪಾಲಿಗೆ 1,35,000, ಆದರೆ ಹಂಚಿಕೊಳ್ಳಲು ಸಾವಿರವೇ ಪಿನ್ನು, ಒಂದಕ್ಕೆ 135. ಅಂದರೆ ಬುಷ್ಷಿನ ವೆಚ್ಚ 68, ಪಿನ್ನಿನದು 185! 88ಕ್ಕೆ ಮಾರುವ ಪ್ರತಿ ಪಿನ್ನಿನ ಮೇಲೂ 97 ರೂಪಾಯಿ ನಷ್ಟ. ಒಟ್ಟು ಲಾಭ ಎರಡೂ ಲೆಕ್ಕದಲ್ಲಿ 80,000ವೇ ಆದ್ದರಿಂದ ವರ್ಷದ ಲೆಕ್ಕಪತ್ರದಲ್ಲಿ ಇದು ಕಾಣುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಈ ತಪ್ಪಿನ ದೊಡ್ಡ ಅಪಾಯ ಇದೇ.

ಮುಂದೇನಾಗುತ್ತದೆ? ಇನ್ನೊಬ್ಬರು ಬುಷ್ಷಿಗೆ 78 ಕೊಟೇಶನ್ ಕೊಡುತ್ತಾರೆ. ನಮ್ಮ ಮಾಲೀಕರು ತಮ್ಮ ವೆಚ್ಚವೇ 80 ಎಂದುಕೊಂಡು ಆರ್ಡರು ಬಿಟ್ಟುಕೊಡುತ್ತಾರೆ. ಕೈಬಿಟ್ಟದ್ದು ಲಾಭದ ಮಾಲು, ಉಳಿದದ್ದು ನಷ್ಟದ್ದು. ಓಡುವ ಗಂಟೆ ಕಡಿಮೆಯಾಗಿ ಗಂಟೆಯ ದರ ಏರುತ್ತದೆ, ಮುಂದಿನ ಕೊಟೇಶನ್ ಇನ್ನಷ್ಟು ದುಬಾರಿಯಾಗುತ್ತದೆ. ಕಷ್ಟದ ಸಣ್ಣ ಆರ್ಡರುಗಳಿಗೆ ಗಿರಾಕಿ ಚೌಕಾಸಿಯನ್ನೇ ಮಾಡದೆ ಒಪ್ಪುತ್ತಿದ್ದರೆ, ಸುಲಭದ ದೊಡ್ಡ ಆರ್ಡರು ಪದೇ ಪದೇ ಕೈತಪ್ಪುತ್ತಿದ್ದರೆ, ಲೆಕ್ಕವನ್ನು ಅನುಮಾನಿಸಬೇಕು.

ಹಾಗೆಂದು ಪಿನ್ನನ್ನು ನಾಳೆಯೇ ನಿಲ್ಲಿಸಿದರೆ 1,35,000 ಉಳಿಯುವುದಿಲ್ಲ. ಹೊಸ ಲೆಕ್ಕ ಹೇಳುವುದು ಯಾವ ವಸ್ತು ಎಷ್ಟು ದುಡಿಮೆ ಬಳಸಿತು ಎಂಬುದನ್ನು. ಸೆಟ್ಟರ್‌ನ ಸಂಬಳ, ಯಂತ್ರದ ಸಾಲದ ಕಂತು ಮರುದಿನವೂ ಇರುತ್ತವೆ. ಶೆಡ್ಡಿನ ಬಾಡಿಗೆಯಂಥ ಖರ್ಚಿಗೆ ಯಾವ ಚಟುವಟಿಕೆಯೂ ಸರಿಯಾಗಿ ಹೊಂದುವುದಿಲ್ಲ, ಅದನ್ನು ಬಲವಂತವಾಗಿ ಹಂಚುವುದಕ್ಕಿಂತ ಪ್ರತ್ಯೇಕವಾಗಿಡುವುದೇ ಮೇಲು. ಮಾಲೀಕರು ಮೊದಲು ಮಾಡಬೇಕಾದದ್ದು ಸಣ್ಣ ಆರ್ಡರಿಗೆ ಸೆಟ್ಟಿಂಗ್ ಶುಲ್ಕ ಕೇಳುವುದು, ಇಲ್ಲವೇ ಗಿರಾಕಿಗಳ ಬೇಡಿಕೆಗಳನ್ನು ಒಟ್ಟುಗೂಡಿಸಿ 24 ಲಾಟನ್ನು 12ಕ್ಕೆ ಇಳಿಸುವುದು. ಆಗ ಕಾಗದದ ಮೇಲೆ 36,000 ಉಳಿಯುತ್ತದೆ. ಸೆಟ್ಟರ್‌ಗೂ ಯಂತ್ರಕ್ಕೂ ಬಿಡುವಾದ ಆ ಗಂಟೆಗಳಲ್ಲಿ ಬುಷ್ಷಿನ ಇನ್ನೊಂದು ಲಾಟು ಓಡಿದರೆ ಮಾತ್ರ ಅದು ಕೈಗೆ ಬರುವ ಹಣವಾಗುತ್ತದೆ.