ಖರೀದಿ ಲೆಕ್ಕವನ್ನು ಮಡಚಿ ನೋಡುವ ಬಗೆ



ನಮ್ಮ ಹೆಚ್ಚಿನ ಹೋಟೆಲುಗಳಲ್ಲಿ ಈಗ ಖರೀದಿ ಲೆಕ್ಕ ಕಂಪ್ಯೂಟರಿನ ಎಕ್ಸೆಲ್‌ನಲ್ಲೇ ಇರುತ್ತದೆ. ಮ್ಯಾನೇಜರ್ ದಿನಾ ಬರೆಯುತ್ತಾನೆ, ತಿಂಗಳ ಕೊನೆಗೆ ಮೂರು ನಾಲ್ಕು ನೂರು ಸಾಲು ಆಗುತ್ತದೆ. ಅಷ್ಟುದ್ದದ ಪಟ್ಟಿಯನ್ನು ಯಾವ ಮಾಲೀಕನೂ ಮೇಲಿಂದ ಕೆಳಗೆ ಓದುವುದಿಲ್ಲ, ಕೊನೆಯ ಮೊತ್ತ ನೋಡಿ ಮುಚ್ಚುತ್ತಾನೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಒಂದು ಜನವರಿಯಲ್ಲಿ ಅದರಿಂದ ಪೆಟ್ಟು ತಿಂದ ಮೇಲೆ ಪಟ್ಟಿಯನ್ನು ಗುಂಪು ಗುಂಪಾಗಿ ಮಡಚಿ ನೋಡುವುದನ್ನು ಕಲಿತೆ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ತಿಂಗಳಿಗೊಂದು ಶೀಟು ಇರಲಿ. ಐದು ಕಾಲಂ ಸಾಕು: ತಾರೀಕು, ವಿಭಾಗ, ಮಾಲು ಕೊಟ್ಟವರು, ಬಿಲ್ ನಂಬರು, ಮೊತ್ತ. ವಿಭಾಗ ಎಂದರೆ ತರಕಾರಿ, ಹಾಲು-ಮೊಸರು, ದಿನಸಿ, ಗ್ಯಾಸ್, ಇಷ್ಟೇ. ಮೊದಲ ಸಾಲಿನಲ್ಲಿ ತಲೆಬರಹ ಇರಬೇಕು, ನಡುವೆ ಖಾಲಿ ಸಾಲು ಇರಬಾರದು.

ಮೊದಲ ಕೆಲಸ ಜೋಡಿಸುವುದು. Data ಮೆನುವಿನ Sort ಒತ್ತಿ, ಮೊದಲು ವಿಭಾಗ, ಅದರೊಳಗೆ ಮಾಲು ಕೊಟ್ಟವರು ಎಂದು ಕೊಡಿ. ಇದನ್ನು ಬಿಟ್ಟವರೇ ಹೆಚ್ಚು ತಪ್ಪುವುದು. ಎಕ್ಸೆಲ್‌ಗೆ ಗುಂಪು ಎಂದರೇನು ಎಂದು ಗೊತ್ತಿಲ್ಲ. ಮೇಲಿನ ಸಾಲಿನ ಹೆಸರು ಕೆಳಗಿನ ಸಾಲಿನಲ್ಲಿ ಬದಲಾದರೆ ಅಲ್ಲೊಂದು ಮೊತ್ತ ಹಾಕುತ್ತದೆ, ಅಷ್ಟೇ. ತಾರೀಕಿನ ಪ್ರಕಾರವೇ ಬಿಟ್ಟರೆ ತರಕಾರಿಗೊಂದು ಮೊತ್ತ, ಹಾಲಿಗೊಂದು ಮೊತ್ತ, ಮರುದಿನ ಮತ್ತೆ ತರಕಾರಿಗೊಂದು ಎಂದು ತಿಂಗಳಿಡೀ ನೂರಾರು ತುಂಡು ಮೊತ್ತ ಬರುತ್ತದೆ.

ಈಗ ಅದೇ Data ಮೆನುವಿನ Subtotal ಒತ್ತಿ. At each change in ಎಂಬಲ್ಲಿ ವಿಭಾಗ, Use function ಎಂಬಲ್ಲಿ Sum, ಕೆಳಗೆ ಮೊತ್ತದ ಕಾಲಮಿಗೆ ಮಾತ್ರ ಟಿಕ್ ಹಾಕಿ OK ಕೊಡಿ. ಮತ್ತೊಮ್ಮೆ Subtotal ತೆರೆದು ಈ ಸಲ ಮಾಲು ಕೊಟ್ಟವರು ಎಂದು ಆರಿಸಿ. ಆದರೆ Replace current subtotals ಎಂಬ ಟಿಕ್ಕನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಮೊದಲು ಹಾಕಿದ ವಿಭಾಗದ ಮೊತ್ತ ಅಳಿಸಿಹೋಗುತ್ತದೆ. Subtotal ಎಂಬುದು ಮಂಕಾಗಿದ್ದು ಒತ್ತಲು ಬರದಿದ್ದರೆ, ನಿಮ್ಮ ಪಟ್ಟಿಯನ್ನು ಯಾರೋ ಟೇಬಲ್ ಮಾಡಿದ್ದಾರೆ ಎಂದು ತಿಳಿಯಿರಿ. Convert to Range ಕೊಟ್ಟರೆ ಸರಿಹೋಗುತ್ತದೆ.

ಎಡ ಅಂಚಿನಲ್ಲಿ ಗೆರೆಗಳೂ ಮೂಲೆಯಲ್ಲಿ 1, 2, 3, 4 ಎಂಬ ಗುಂಡಿಗಳೂ ಬಂದಿರುತ್ತವೆ. 1 ಒತ್ತಿದರೆ ಒಟ್ಟು ಮೊತ್ತ ಮಾತ್ರ, 2 ಒತ್ತಿದರೆ ವಿಭಾಗವಾರು, 3 ಒತ್ತಿದರೆ ಮಾಲು ಕೊಟ್ಟವರವಾರು, 4 ಒತ್ತಿದರೆ ಎಲ್ಲ ಬಿಲ್ಲೂ ಕಾಣುತ್ತದೆ. ಒಂದೇ ಗುಂಪನ್ನು ಬಿಚ್ಚಬೇಕಾದರೆ ಅದರ ಪಕ್ಕದ + ಗುರುತು ಒತ್ತಿ.

ಮೊದಲು 2 ಒತ್ತಿ ಸಾಲು ಎಣಿಸಿ. ನಾಲ್ಕು ವಿಭಾಗ ಇರುವಲ್ಲಿ ಒಟ್ಟು ಮೊತ್ತ ಬಿಟ್ಟು ಐದು ಸಾಲು ಕಂಡರೆ, ಎಲ್ಲೋ ಹೆಸರು ಬೇರೆ ರೀತಿ ಟೈಪಾಗಿದೆ. ಒಂದು ಕಡೆ ಹಾಲು-ಮೊಸರು, ಇನ್ನೊಂದು ಕಡೆ ಬರೇ ಮೊಸರು. ಕೆಲವೊಮ್ಮೆ ಎರಡೂ ಒಂದೇ ತರಹ ಕಾಣುತ್ತದೆ, ಆದರೆ ಒಂದರ ಕೊನೆಗೆ ಸ್ಪೇಸ್ ಒತ್ತಿದ್ದಿರುತ್ತದೆ. ಅಂಥದ್ದಿದ್ದರೆ Subtotal ಒಳಗಿನ Remove All ಕೊಟ್ಟು, ಹೆಸರು ಸರಿಮಾಡಿ, ಮತ್ತೆ ಜೋಡಿಸಿ, ಮೊತ್ತ ಹಾಕಬೇಕು. ಹೊಸ ಬಿಲ್ಲು ಸೇರಿಸುವುದಿದ್ದರೂ ಹೀಗೆಯೇ. ಕೊನೆಯ ಮೊತ್ತದ ಕೆಳಗೆ ಬರೆದ ಬಿಲ್ಲು ಲೆಕ್ಕಕ್ಕೆ ಬರುವುದಿಲ್ಲ.

ಆ ಜನವರಿಯಲ್ಲಿ ನನಗೆ ಬಂದದ್ದು ಹೀಗೆ: ತರಕಾರಿ 1,42,600, ಹಾಲು-ಮೊಸರು 1,86,200, ದಿನಸಿ 2,48,900, ಗ್ಯಾಸ್ 74,300. ಒಟ್ಟು 6,52,000 ರೂಪಾಯಿ. ಎಕ್ಸೆಲ್ ತಾನಾಗಿ ಹಾಕುವ ಸೂತ್ರ ಈ ತರಹ ಇರುತ್ತದೆ:

```
=SUBTOTAL(9,E2:E87)
```

9 ಎಂದರೆ ಕೂಡಿಸು ಎಂದರ್ಥ. ಇದರ ಗುಣವೇನೆಂದರೆ, ನಡುವೆ ಬರುವ ಬೇರೆ SUBTOTAL ಸಾಲುಗಳನ್ನು ಬಿಟ್ಟು ಬಿಲ್ಲುಗಳನ್ನು ಮಾತ್ರ ಕೂಡಿಸುತ್ತದೆ. ಮಡಚಿಟ್ಟರೂ ಮೊತ್ತ ಬದಲಾಗುವುದಿಲ್ಲ. ಅಭ್ಯಾಸಬಲದಿಂದ ಕೆಳಗೆ ನೀವೇ SUM ಹಾಕಿದಿರೋ, ಬಿಲ್ಲುಗಳ ಜತೆ ವಿಭಾಗದ ಮೊತ್ತ, ಮಾಲು ಕೊಟ್ಟವರ ಮೊತ್ತ ಎಲ್ಲ ಸೇರಿ ಮೂರು ಪಟ್ಟು, 19,56,000 ಆಗುತ್ತದೆ. ಒಟ್ಟು ಮೊತ್ತದ ಸಾಲೂ ಒಳಗೆ ಸಿಕ್ಕಿದರೆ ನಾಲ್ಕು ಪಟ್ಟು.

ಇನ್ನು ಇಡೀ ವರ್ಷದ ಶೀಟು. 2 ಒತ್ತಿ ಮಡಚಿದ ನಾಲ್ಕು ಸಾಲನ್ನು ಅದಕ್ಕೆ ನಕಲು ಮಾಡಬೇಕು. ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಮಡಿಕೆಯೊಳಗಿನ ಬಿಲ್ಲುಗಳೂ ಮೆರವಣಿಗೆ ಹೊರಟು ಬಂದುಬಿಡುತ್ತವೆ. ಆ ಸಾಲುಗಳನ್ನು ಆರಿಸಿ, ಮೊದಲು Alt ಹಿಡಿದು ಅರ್ಧವಿರಾಮದ ಚಿಹ್ನೆ (;) ಒತ್ತಿ, ಆಗ ಕಣ್ಣಿಗೆ ಕಾಣುವ ಸಾಲು ಮಾತ್ರ ಉಳಿಯುತ್ತದೆ. ಆಮೇಲೆ Ctrl+C ಮಾಡಿ, ಅಲ್ಲಿ Paste Special ನಲ್ಲಿ Values ಎಂದು ಅಂಟಿಸಿ.

ವರ್ಷದ ಶೀಟಿನಲ್ಲಿ A ಕಾಲಮಿಗೆ ವಿಭಾಗ, B, C, D ಗೆ ಏಪ್ರಿಲ್, ಮೇ, ಜೂನ್, E ಗೆ ಆ ಮೂರು ತಿಂಗಳ ಮೊತ್ತ. ಹೀಗೇ ಮಾರ್ಚ್‌ವರೆಗೆ ಹೋದರೆ ಮೂರು ಮೂರು ತಿಂಗಳ ಮೊತ್ತ E, I, M, Q ಗಳಲ್ಲಿ ಬರುತ್ತದೆ, R ನಲ್ಲಿ ಇಡೀ ವರ್ಷದ್ದು. ಹಾಲಿನ ಸಾಲು 5ನೆಯದಾದರೆ E5 ನಲ್ಲಿಯೂ R5 ನಲ್ಲಿಯೂ ಕ್ರಮವಾಗಿ ಹೀಗೆ ಬರೆಯಿರಿ:

```
=SUM(B5:D5)
=E5+I5+M5+Q5
```

ಈಗ B, C, D ಕಾಲಂಗಳ ತಲೆಯನ್ನು ಆರಿಸಿ Data ಮೆನುವಿನ Group ಒತ್ತಿ. E ಯನ್ನು ಸೇರಿಸಬೇಡಿ, ಮಡಚಿದಾಗ ಉಳಿಯಬೇಕಾದದ್ದು ಅದೇ. ನಡುವೆ ಮೊತ್ತದ ಕಾಲಂ ಇಲ್ಲದೆ ಎರಡು ಗುಂಪು ಪಕ್ಕಪಕ್ಕ ಬಂದರೆ ಎಕ್ಸೆಲ್ ಎರಡನ್ನೂ ಸೇರಿಸಿ ಒಂದೇ ಗುಂಪು ಮಾಡಿಬಿಡುತ್ತದೆ. ಉಳಿದ ಮೂರಕ್ಕೂ ಹೀಗೆಯೇ ಮಾಡಿ, ಮೇಲಿನ ಅಂಚಿನಲ್ಲಿ ಬರುವ 1 ಒತ್ತಿದರೆ ಹನ್ನೆರಡು ತಿಂಗಳು ಮಾಯವಾಗಿ ನಾಲ್ಕು ಮೊತ್ತ ಅಕ್ಕಪಕ್ಕ ನಿಲ್ಲುತ್ತವೆ.

ನನಗೆ ಹಾಲಿನ ಸಾಲಿನಲ್ಲಿ ಅಕ್ಟೋಬರ್-ಡಿಸೆಂಬರಿಗೆ 3,42,600, ಜನವರಿ-ಮಾರ್ಚಿಗೆ 4,10,500 ಕಂಡಿತು. ಗಲ್ಲಾ ಅಷ್ಟೇ ಇದ್ದು ಹಾಲು ಮಾತ್ರ ಹೇಗೆ ಏರಿತು? ಹಾಲು ದುಬಾರಿಯಾಯಿತೆಂದು ದಹಿವಡೆಗೆ 5 ರೂಪಾಯಿ ಏರಿಸಲು ನಾನು ಆಗಲೇ ಬೋರ್ಡ್ ಬರೆಸಲು ಕೊಟ್ಟಾಗಿತ್ತು. + ಒತ್ತಿ ತಿಂಗಳು ಬಿಚ್ಚಿದೆ: ಜನವರಿ 1,86,200, ಫೆಬ್ರವರಿ 1,08,400, ಮಾರ್ಚ್ 1,15,900. ಜನವರಿಯ ಶೀಟಿನಲ್ಲಿ 3 ಒತ್ತಿದೆ. ಹಾಲು ಕೊಡುವವರು ಇಬ್ಬರು. ಒಬ್ಬರದ್ದು ಎಂದಿನಂತೆ 42,200, ಇನ್ನೊಬ್ಬರದ್ದು 1,44,000. ಅವರ ಪಕ್ಕದ + ಒತ್ತಿದಾಗ ದಿನದಿನದ ಚಲನ್‌ಗಳು, ಅವುಗಳ ಕೆಳಗೆ 31ನೇ ತಾರೀಕಿಗೆ ಒಂದೇ ಸಾಲಿನಲ್ಲಿ 72,000. ಚಲನ್‌ಗಳನ್ನು ಕೂಡಿಸಿ ನೋಡಿದರೆ ಅದೂ ಸರಿಯಾಗಿ 72,000. ತಿಂಗಳಿಡೀ ಚಲನ್ ಬರೆದು, ಕೊನೆಗೆ ಅವರು ಕಳಿಸಿದ ತಿಂಗಳ ಬಿಲ್ಲನ್ನೂ ನಮ್ಮವನು ಬರೆದಿದ್ದ. ಶೀಟು ನೋಡಿ ಚೆಕ್ ಕೊಟ್ಟವನು ನಾನೇ. ಪುಣ್ಯಕ್ಕೆ ಹಾಲಿನವರು ತಮ್ಮ ಪುಸ್ತಕ ನೋಡಿ ಒಪ್ಪಿಕೊಂಡರು, ಮುಂದಿನ ಬಿಲ್ಲುಗಳಲ್ಲಿ ಮುರಿದುಕೊಂಡೆವು. ಜನವರಿಯ ನಿಜ ಖರೀದಿ 5,80,000. ಬೋರ್ಡು ಹಳೆಯ ದರದಲ್ಲೇ ಉಳಿಯಿತು.

ಒಂದು ಎಚ್ಚರಿಕೆ ಬಾಕಿ ಇದೆ. ಮಡಚಿದ್ದು ಅಡಗಿಸಿದಂತೆ ಅಲ್ಲ. ಪಾರ್ಟಿ ಆರ್ಡರಿನ ಶೀಟಿನಲ್ಲಿ ನಿಮ್ಮ ಅಸಲು ದರ ಮಡಚಿಟ್ಟು ಗಿರಾಕಿಗೆ ಕಳಿಸಿದರೆ, ಅವರು + ಒತ್ತಿ ಎಲ್ಲ ನೋಡಬಹುದು. ಅಂಥವರಿಗೆ ಮಡಚಿದ ಸ್ಥಿತಿಯಲ್ಲೇ ಪಿಡಿಎಫ್ ಮಾಡಿ ಕೊಡಿ, ಕಾಣುವ ಸಾಲುಗಳು ಮಾತ್ರ ಹೋಗುತ್ತವೆ.