ಪ್ರಾಜೆಕ್ಟ್ ವರದಿಗೆ ಯಂತ್ರದ ತಪಾಸಣೆ: ಪ್ರಾಂಶುಪಾಲರಿಗೆ ಬರೆಯುವ ಮುಖಪತ್ರ

ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗಳನ್ನು ತಂತ್ರಾಂಶದಿಂದ ತಪಾಸಣೆ ಮಾಡಿಸಲು ವಿಭಾಗವೊಂದು ಪ್ರಾಂಶುಪಾಲರ ಒಪ್ಪಿಗೆ ಕೇಳುವಾಗ, ಪ್ರಸ್ತಾವದ ಮೇಲೆ ಒಂದು ಪುಟದ ಮುಖಪತ್ರವನ್ನು ಲಗತ್ತಿಸುತ್ತದೆ. ಇವರಿಂದ, ಇವರಿಗೆ, ಮೂಲಕ, ವಿಷಯ ಎಂಬ ರೂಢಿಯ ಸಾಲುಗಳಾದ ಮೇಲೆ ಮೊದಲ ವಾಕ್ಯದಲ್ಲೇ ಕೋರಿಕೆ ಬರಬೇಕು: ಒಂದು ಸೆಮಿಸ್ಟರ್ ಮಟ್ಟಿಗೆ, ಒಂದೇ ವಿಭಾಗದಲ್ಲಿ, ಅಂಕಗಳಿಗೆ ಸಂಬಂಧವಿಲ್ಲದಂತೆ ಪ್ರಯೋಗ ನಡೆಸಲು ಅನುಮತಿ. ಪ್ರಾಂಶುಪಾಲರು ಸಹಿ ಹಾಕುವುದು ಈ ವಾಕ್ಯಕ್ಕೆ. ಉಳಿದದ್ದೆಲ್ಲ ಅದಕ್ಕೆ ಕೊಡುವ ಸಮಜಾಯಿಷಿ.

ರೂಬ್ರಿಕ್ ಎಂದರೆ ಮೌಲ್ಯಮಾಪನದ ಮಾನದಂಡಗಳ ಪಟ್ಟಿ. ಯಾವ ಅಂಶಕ್ಕೆ ಯಾವ ಮಟ್ಟದ ಕೆಲಸಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟದ್ದು. ಇದರಲ್ಲಿ ಎರಡು ಬಗೆಯ ಅಂಶಗಳು ಬೆರೆತಿರುತ್ತವೆ. ಪ್ರಮಾಣಪತ್ರದ ಪುಟ ಇದೆಯೇ, ಪ್ರತಿ ಚಿತ್ರಕ್ಕೂ ಸಂಖ್ಯೆ ಇದೆಯೇ, ಪರಾಮರ್ಶನ ಪಟ್ಟಿಯಲ್ಲಿರುವ ಪ್ರತಿಯೊಂದೂ ಪಠ್ಯದೊಳಗೆ ಎಲ್ಲಾದರೂ ಉಲ್ಲೇಖವಾಗಿದೆಯೇ ಎಂಬುದು ಹುಡುಕಿ ಎಣಿಸುವ ಕೆಲಸ. ವಿದ್ಯಾರ್ಥಿಗಳು ಆರಿಸಿಕೊಂಡ ವಿಧಾನ ಸರಿಯೇ, ಫಲಿತಾಂಶ ನಂಬುವಂತಿದೆಯೇ, ಕೆಲಸ ನಿಜಕ್ಕೂ ಅವರದೇ ಎಂಬುದನ್ನು ಗೈಡ್ ಓದಿ, ವೈವಾದಲ್ಲಿ ಪ್ರಶ್ನೆ ಕೇಳಿ ತೀರ್ಮಾನಿಸಬೇಕು. ಮೊದಲ ಬಗೆಯನ್ನಷ್ಟೇ ಯಂತ್ರಕ್ಕೆ ಬಿಡಲಾಗುತ್ತದೆ ಎಂದು ಪತ್ರ ಗೆರೆ ಎಳೆದು ಹೇಳಬೇಕು. ಈ ಗೆರೆ ಮಸುಕಾದ ಪ್ರಸ್ತಾವಗಳೇ ಮುಂದೆ ಜಗಳಕ್ಕೆ ದಾರಿ ಮಾಡುತ್ತವೆ.

ಎಣಿಸುವ ಕೆಲಸದಲ್ಲೂ ಯಂತ್ರ ಎಡವುತ್ತದೆ. ಪಠ್ಯದಲ್ಲಿ [3–7] ಎಂದು ಬರೆದಿದ್ದರೆ ಓದುಗರಿಗೆ ಐದು ಆಕರಗಳೆಂದು ತಿಳಿಯುತ್ತದೆ. ಸರಳ ತಂತ್ರಾಂಶ 3 ಮತ್ತು 7ನ್ನು ಮಾತ್ರ ಕಂಡು, ನಡುವಿನ ಮೂರು ಉಲ್ಲೇಖವಾಗಿಲ್ಲ ಎಂದು ದೂರುತ್ತದೆ. ಸಹಿ, ಮೊಹರು ಬಿದ್ದ ಪ್ರಮಾಣಪತ್ರವನ್ನು ಸ್ಕ್ಯಾನ್ ಮಾಡಿ ಸೇರಿಸಿದ್ದರೆ ಆ ಪುಟ ಬರೀ ಚಿತ್ರ. ಅಕ್ಷರ ಸಿಗದ ತಂತ್ರಾಂಶಕ್ಕೆ ಪುಟವೇ ಇಲ್ಲದಂತೆ. ಕನ್ನಡದ ವರದಿಗಳಲ್ಲಿ ಇನ್ನೊಂದು ತೊಡಕಿದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಬೆರಳಚ್ಚಾದ ಪುಟ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಕಡತದೊಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಂಥಲ್ಲಿ ‘ಪರಾಮರ್ಶನ’ ಎಂಬ ಶೀರ್ಷಿಕೆಯನ್ನು ಹುಡುಕಿದರೂ ಸಿಗದು. ಆದ್ದರಿಂದ ‘ಇದೆ’, ‘ಇಲ್ಲ’ಗಳ ಜೊತೆಗೆ ‘ಓದಲಾಗಲಿಲ್ಲ’ ಎಂಬ ಮೂರನೆಯ ಉತ್ತರವೂ ಇರಲೇಬೇಕು. ಅದು ಬಂದಲ್ಲಿ ಗೈಡ್ ಕೈಯಾರೆ ನೋಡುತ್ತಾರೆ.

ಪತ್ರದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ನಿಖರತೆಯ ಅಂಕಿಯ ವಿಷಯದಲ್ಲಿ. ಒಂದು ಉದಾಹರಣೆ: ಹಿಂದಿನ ವರ್ಷದ 40 ವರದಿಗಳನ್ನು ಇಬ್ಬರು ಅಧ್ಯಾಪಕರು, ಯಂತ್ರದ ಉತ್ತರ ನೋಡದೆ, ಪರಿಶೀಲಿಸಿದರು ಎಂದುಕೊಳ್ಳೋಣ. 36ರಲ್ಲಿ ಪರಾಮರ್ಶನ ಸರಿಯಿದೆ, 4ರಲ್ಲಿ ದೋಷವಿದೆ. ಏನನ್ನೂ ನೋಡದೆ ಎಲ್ಲಕ್ಕೂ ‘ಸರಿ’ ಎನ್ನುವ ತಂತ್ರಾಂಶ 36ರಲ್ಲಿ ಅಧ್ಯಾಪಕರ ಮಾತಿಗೆ ಹೊಂದುತ್ತದೆ, ಹೊಂದಿಕೆ ಶೇ. 90. ಕೆಲಸ ಮಾಡುವ ತಂತ್ರಾಂಶವೊಂದು ದೋಷವಿರುವ ನಾಲ್ಕರಲ್ಲಿ ಮೂರನ್ನು ಹಿಡಿದು, ಸರಿಯಿರುವ ಐದನ್ನು ತಪ್ಪೆಂದು ಹೇಳಿದರೆ ಹೊಂದಿಕೆ 34, ಅಂದರೆ ಶೇ. 85. ಶೇಕಡಾವಾರು ಕಡಿಮೆ, ಉಪಯೋಗ ಹೆಚ್ಚು! ಹಾಗೆಂದು ಇದರ ಕೊರತೆಯನ್ನೂ ಮುಚ್ಚಿಡುವಂತಿಲ್ಲ: ಅದು ಎತ್ತಿ ತೋರಿಸಿದ ಎಂಟರಲ್ಲಿ ಐದು ಹುಸಿ ದೂರುಗಳು. ಹಾಗಾಗಿ ಪತ್ರದಲ್ಲಿ ಒಟ್ಟು ಶೇಕಡಾವಾರಿನ ಬದಲು ಎರಡು ಸಂಖ್ಯೆಗಳಿರಬೇಕು: ಇದ್ದ ದೋಷಗಳಲ್ಲಿ ಹಿಡಿದದ್ದೆಷ್ಟು, ಹೇಳಿದ ದೂರುಗಳಲ್ಲಿ ಹುಸಿಯೆಷ್ಟು. ನಾಲ್ಕೇ ದೋಷಗಳಿಂದ ಹೆಚ್ಚೇನೂ ಸಾಬೀತಾಗದು ಎಂಬುದನ್ನೂ ಬರೆಯಬೇಕು. ಸರಿಯಿರುವ ಕೆಲವು ವರದಿಗಳ ಪ್ರತಿಗಳಲ್ಲಿ ಬೇಕೆಂದೇ ಪುಟ ಕಿತ್ತು, ಉಲ್ಲೇಖ ಅಳಿಸಿ ಮತ್ತೆ ಪರೀಕ್ಷಿಸಿದರೆ ಲೆಕ್ಕ ಸ್ವಲ್ಪ ಗಟ್ಟಿಯಾಗುತ್ತದೆ.

ಇಂಥ ಹುಸಿ ದೂರುಗಳಿರುವಾಗ ಅಂಕ ಕಡಿತಕ್ಕೆ ಯಂತ್ರದ ಪಟ್ಟಿಯನ್ನು ಆಧಾರ ಮಾಡಿಕೊಳ್ಳಲಾಗದು. ಪಟ್ಟಿ ಸಲ್ಲಿಕೆಗೆ ಮುಂಚೆಯೇ ವಿದ್ಯಾರ್ಥಿ ತಂಡದ ಕೈಗೆ ಹೋಗುತ್ತದೆ, ಪುಟಸಂಖ್ಯೆ ಸಮೇತ. ತಿದ್ದುವುದೋ ‘ಇದು ಹುಸಿ’ ಎಂದು ಗುರುತು ಹಾಕುವುದೋ ಅವರಿಗೆ ಬಿಟ್ಟದ್ದು, ಕೊನೆಯ ಮಾತು ಗೈಡ್‌ರದು. ಕೃತಿಚೌರ್ಯದ ತಪಾಸಣೆ ಇದರಲ್ಲಿ ಸೇರಿಲ್ಲ ಎಂದೂ ಸ್ಪಷ್ಟಪಡಿಸುವುದು ಒಳ್ಳೆಯದು. ಅದಕ್ಕೆ ಯುಜಿಸಿಯ 2018ರ ನಿಯಮಾವಳಿಯೇ ಬೇರೆ ಇದೆ, ಎರಡನ್ನೂ ಒಂದೆಂದು ಭಾವಿಸುವವರು ಬಹಳ. ವರದಿಗಳಲ್ಲಿ ಹೆಸರು, ಯುಎಸ್‌ಎನ್ ಇರುವುದರಿಂದ ಕಡತಗಳು ಕಾಲೇಜಿನ ಕಂಪ್ಯೂಟರ್ ಬಿಟ್ಟು ಹೊರಹೋಗುತ್ತವೆಯೇ ಎಂಬುದಕ್ಕೂ ಒಂದು ಸಾಲು ಬೇಕು.

ಕೊನೆಯ ಪ್ಯಾರಾದಲ್ಲಿ ಪ್ರಯೋಗ ನಿಲ್ಲಿಸುವ ಷರತ್ತು ಬರುತ್ತದೆ: ಸೆಮಿಸ್ಟರ್ ಮುಗಿದಾಗ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಸಿಯಾಗಿದ್ದರೆ, ಅಥವಾ ಗೈಡ್‌ಗಳ ಸಮಯ ಉಳಿಯುವ ಬದಲು ಹೆಚ್ಚು ಹಿಡಿದಿದ್ದರೆ, ಪ್ರಯೋಗ ಕೈಬಿಡಲಾಗುವುದು. ಅದರ ಕೆಳಗೆ ಹೊಣೆ ಹೊರುವ ಅಧ್ಯಾಪಕರ ಹೆಸರು ಮತ್ತು ಸಹಿ, ವಿಭಾಗದ ಮುಖ್ಯಸ್ಥರ ಶಿಫಾರಸು, ಲಗತ್ತುಗಳಾಗಿ ರೂಬ್ರಿಕ್‌ನ ಪ್ರತಿ ಮತ್ತು 40 ವರದಿಗಳ ಫಲಿತಾಂಶದ ಕೋಷ್ಟಕ.